ರೇಸ್ ಬಿಟ್ಟ ತಕ್ಷಣ ಸೈಲೆನ್ಸರ್‌ನಲ್ಲಿ ಫಟ್ ಫಟ್: ನಿಜವಾಗಿ ಏರ್ ಲೀಕೇನಾ?

ಸೇಡಂ ರೋಡ್ ಸವಾರ

ಎಲ್ಲರಿಗೂ ನಮಸ್ಕಾರ. ಕಲಬುರಗಿಯವನು. ಗಾಡಿ 150 ಸಿಸಿ, ಕಾರ್ಬುರೇಟರ್, 2012ರ ಮಾಡೆಲ್. ಕಂಪನಿ ಸೈಲೆನ್ಸರೇ ಇದೆ, ಏನೂ ಮಾಡಿಫೈ ಮಾಡಿಸಿಲ್ಲ.

ಹೋದ ತಿಂಗಳು ಹೆಡ್ ಬಿಚ್ಚಿಸಿ ವಾಲ್ವ್ ಕೆಲಸ ಮಾಡಿಸಿದೆ. ಅಲ್ಲಿಂದ ಶುರುವಾಯ್ತು. 50-60ರಲ್ಲಿ ಹೋಗ್ತಾ ರೇಸ್ ಪೂರ್ತಿ ಬಿಟ್ಟರೆ ಸೈಲೆನ್ಸರ್‌ನಿಂದ ಫಟ್, ಫಟ್ ಫಟ್. ರೈಲ್ವೆ ಮೇಲ್ಸೇತುವೆ ಇಳಿಯುವಾಗ ಅಂತೂ ಪಕ್ಕದ ಆಟೋದವರು ತಿರುಗಿ ನೋಡ್ತಾರೆ. ರೇಸ್ ಕೊಟ್ಟಾಗ ಏನೂ ಇಲ್ಲ. ಪಿಕಪ್ ಸರಿಯಾಗಿದೆ, ಅವರೇಜ್ ಕೂಡ ಮೊದಲಿನಷ್ಟೇ ಇದೆ. ಐಡ್ಲಿಂಗ್ ಮಾತ್ರ ಸ್ವಲ್ಪ ಜಾಸ್ತಿ ಅನಿಸುತ್ತೆ.

ಒಬ್ಬ ಮಿಸ್ತ್ರಿ "ಏರ್ ಲೀಕ್" ಅಂತ ಬೆಂಡ್ ಪೈಪ್ ಜಾಯಿಂಟಿಗೆ ಏನೋ ಪೇಸ್ಟ್ ಮೆತ್ತಿದ. ಎರಡೇ ದಿನಕ್ಕೆ ಅದು ಸುಟ್ಟು ಉದುರಿತು. ಇನ್ನೊಬ್ಬ ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಕಳಿಸಿದ. ಮೂರನೆಯವನು ಪೆಟ್ರೋಲೇ ಸರಿಯಿಲ್ಲ ಅಂದ. ನನ್ನ ತಲೆಗೆ ಹೋಗದೆ ಇರೋದು ಒಂದೇ. ಸೈಲೆನ್ಸರ್ ಕಡೆಯಿಂದ ಹೊಗೆ ಹೊರಗೆ ನುಗ್ಗುತ್ತೆ. ಅಲ್ಲಿ ಸಂದಿ ಇದ್ದರೆ ಹೊಗೆ ಹೊರಗೆ ಬರಬೇಕು, ಗಾಳಿ ಒಳಗೆ ಹೇಗೆ ಹೋಗುತ್ತೆ?

ಗಂಜ್ ಹುಡುಗ

ಫ್ರೀ ಸೌಂಡ್ ಬರ್ತಿದೆ, ಎಂಜಾಯ್ ಮಾಡಿ ಅಣ್ಣಾ. ನಮ್ಮ ಹುಡುಗರು ಇದಕ್ಕೆ ದುಡ್ಡು ಕೊಟ್ಟು ಸೈಲೆನ್ಸರ್ ಹಾಕಿಸ್ತಾರೆ.

ಬ್ರಹ್ಮಪುರ ಅಕ್ಕ

ಎಂಜಾಯ್ ಅಂತೆ. ರಾತ್ರಿ 11ಕ್ಕೆ ನಮ್ಮ ಗಲ್ಲಿಯಲ್ಲಿ ಬಂದು ಮಾಡಿ ನೋಡು ತಮ್ಮಾ, ಮಲಗಿದ ಕೂಸು ಎದ್ದು ಕೂತರೆ ಆಗ ಗೊತ್ತಾಗುತ್ತೆ.

ಬೀದರ್ ಬೈಕರ್

ಇದು ರಿಚ್ ಮಿಕ್ಸ್ಚರ್. ಯೋಚನೆ ಮಾಡಿ ನೋಡಿ, ಸೈಲೆನ್ಸರ್ ಒಳಗೆ ಬೆಂಕಿ ಹತ್ತಬೇಕಂದ್ರೆ ಅಲ್ಲಿ ಪೆಟ್ರೋಲ್ ಇರಬೇಕು. ಅಲ್ಲಿವರೆಗೆ ಪೆಟ್ರೋಲ್ ಹೋಗಿದೆ ಅಂದ್ರೆ ಜಾಸ್ತಿ ಹೋಗ್ತಿದೆ ಅಂತ ಅಲ್ವಾ? ಸ್ಕ್ರೂ ಟೈಟ್ ಮಾಡಿಸಿ ಪೆಟ್ರೋಲ್ ಕಡಿಮೆ ಮಾಡಿ. ಪ್ಲಗ್ ಬಿಚ್ಚಿ ನೋಡಿ, ಕಪ್ಪಗೆ ಇದ್ದೇ ಇರುತ್ತೆ.

ಯಾದಗಿರಿ 33

ನನ್ನ ಗಾಡಿಗೂ ಸೇಮ್ ಪ್ರಾಬ್ಲಂ. ಬೆಳಿಗ್ಗೆ ಸ್ಟಾರ್ಟ್ ಮಾಡಿ ತಕ್ಷಣ ರೇಸ್ ಕೊಟ್ಟರೆ ಕಾರ್ಬುರೇಟರ್ ಕಡೆಯಿಂದ ಫುಸ್ ಅಂತ ಉಗುಳುತ್ತೆ, ಬಂದ್ ಆಗುತ್ತೆ. ಇದಕ್ಕೂ ಏರ್ ಲೀಕೇ ಕಾರಣಾನಾ?

ಹಳೇ ಪಾನಾ

ಯಾದಗಿರಿಯವರೇ, ನಿಮ್ಮದು ಸೇಮ್ ಅಲ್ಲ, ಉಲ್ಟಾ. ನಿಮ್ಮದು ರೇಸ್ ಕೊಟ್ಟಾಗ ಮುಂದಿನಿಂದ, ಇವರದು ರೇಸ್ ಬಿಟ್ಟಾಗ ಹಿಂದಿನಿಂದ. ಇಂಜಿನ್ ತಣ್ಣಗಿದ್ದಾಗ ಚೋಕ್ ಎಳೆದು ಒಂದು ನಿಮಿಷ ಬಿಟ್ಟು ನೋಡಿ, ಆಮೇಲೆ ಬೇರೆ ಥ್ರೆಡ್ ಹಾಕಿ.

ಬೀದರ್‌ನವರು ಅರ್ಧ ಸರಿ ಹೇಳಿದ್ದಾರೆ. ಸೈಲೆನ್ಸರ್‌ಗೆ ಸುಡದ ಪೆಟ್ರೋಲ್ ಹೋಗ್ತಿರೋದು ನಿಜ. ಆದರೆ ಅದು ಜಾಸ್ತಿ ಹೋಗಿದ್ದಕ್ಕೆ ಅಲ್ಲ, ಬಹುಪಾಲು ಸಲ ಕಡಿಮೆ ಹೋಗಿದ್ದಕ್ಕೆ. ಕೇಳೋಕೆ ವಿಚಿತ್ರ, ಆದರೆ ಹಾಗೇ ಇದೆ.

ರೇಸ್ ಬಿಟ್ಟಾಗ ಕಾರ್ಬುರೇಟರ್ ಬಾಯಿ ಮುಚ್ಚುತ್ತೆ. ಇಂಜಿನ್ ಮಾತ್ರ ಇನ್ನೂ 4000-5000 ಸುತ್ತಲ್ಲೇ ಇರುತ್ತೆ, ಯಾಕಂದ್ರೆ ಹಿಂದಿನ ಗಾಲಿ ಅದನ್ನ ತಿರುಗಿಸ್ತಾ ಇದೆ. ಪಿಸ್ಟನ್ ಕೆಳಗೆ ಇಳಿದಾಗ ಎಳೆದುಕೊಳ್ಳೋಕೆ ಹೊಸ ಗಾಳಿ-ಪೆಟ್ರೋಲ್ ಬಹಳ ಕಡಿಮೆ. ಹಳೇ ಹೊಗೆ ಒಳಗೇ ಉಳಿದುಬಿಡುತ್ತೆ. ಅಂಥದ್ದರಲ್ಲಿ ಪೆಟ್ರೋಲ್ ಇನ್ನೂ ಸ್ವಲ್ಪ ಕಡಿಮೆಯಾದರೆ ಪ್ಲಗ್ ಕಿಡಿ ಹೊಡೆದರೂ ಹತ್ತಿಕೊಳ್ಳಲ್ಲ. ಹತ್ತದೆ ಇದ್ದ ಆ ಪೆಟ್ರೋಲ್ ಹಾಗೇ ಬೆಂಡ್ ಪೈಪಿಗೆ ಹೋಗುತ್ತೆ. ಒಂದೆರಡು ಸುತ್ತು ಹೀಗೆ ಸೇರಿಕೊಂಡು, ಮುಂದಿನ ಸಲ ಸರಿಯಾಗಿ ಹತ್ತಿದ ಬೆಂಕಿ ಹೊರಗೆ ಬಂದಾಗ ಎಲ್ಲಾ ಒಟ್ಟಿಗೆ ಫಟ್.

ಆದರೆ ಪೈಪಲ್ಲಿ ಉರಿಯೋಕೆ ಗಾಳಿಯೂ ಬೇಕು. ಸ್ವಲ್ಪ ಗಾಳಿ ಆ ಹತ್ತದ ಮಿಶ್ರಣದಲ್ಲೇ ಇರುತ್ತೆ, ಅದರಿಂದ ಆಗೋದು ಸಣ್ಣ ಗೊರಗೊರ. ಆಟೋದವರು ತಿರುಗಿ ನೋಡುವಷ್ಟು ಜೋರಾಗಿ ಬರ್ತಿದೆ ಅಂದ್ರೆ ಹೊರಗಿನ ಗಾಳಿ ಪೈಪಿಗೆ ಸೇರ್ತಿದೆ ಅನ್ನೋ ಅನುಮಾನ ಬರುತ್ತೆ.

ಬೀದರ್ ಬೈಕರ್

ಹಾಗಾದ್ರೆ ಅವರು ಕೇಳಿದ್ದಕ್ಕೆ ಉತ್ತರ ಹೇಳಿ ಸರ್. ಒತ್ತಡ ಹೊರಗೆ ಇರುವಾಗ ಗಾಳಿ ಒಳಗೆ ಹೇಗೆ?

ಹಳೇ ಪಾನಾ

ಹೊಗೆ ಒಂದೇ ಸಮನೆ ಬರಲ್ಲ, ಬಡಿತ ಬಡಿತವಾಗಿ ಬರುತ್ತೆ. ವಾಡಿ ಸ್ಟೇಷನ್‌ನಲ್ಲಿ ನಿಲ್ಲದ ರೈಲು ಜೋರಾಗಿ ಹೋದಾಗ ನೋಡಿದ್ದೀರಾ? ಮುಂದಿನ ಗಾಳಿ ನಮ್ಮನ್ನ ದಬ್ಬುತ್ತೆ, ಹಿಂದೆಯೇ ಪ್ಲಾಟ್‌ಫಾರ್ಮ್ ಕಾಗದ ಎಲ್ಲಾ ಎಳೆದುಕೊಂಡು ಹೋಗುತ್ತೆ. ಪೈಪಲ್ಲೂ ಪ್ರತಿ ಬಡಿತದ ಹಿಂದೆ ಒಂದು ಕ್ಷಣ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತೆ. ಆ ಕ್ಷಣದಲ್ಲಿ ಸಂದಿಯಿಂದ ಗಾಳಿ ಒಳಗೆ ಬರುತ್ತೆ. ರೇಸ್ ಕೊಟ್ಟಾಗಲೂ ಬರುತ್ತೆ, ಆದರೆ ಆಗ ಪೆಟ್ರೋಲ್ ಒಳಗೇ ಸುಟ್ಟಿರುತ್ತೆ, ಪೈಪಲ್ಲಿ ಉರಿಯೋಕೆ ಹೆಚ್ಚೇನೂ ಉಳಿದಿರಲ್ಲ. ಅದಕ್ಕೇ ಸದ್ದು ರೇಸ್ ಬಿಟ್ಟಾಗ ಮಾತ್ರ.

ಸಂದಿ ಇಂಜಿನ್‌ಗೆ ಹತ್ತಿರ ಇದ್ದಷ್ಟೂ ಕೆಟ್ಟದ್ದು. ಹೆಡ್ ಜಾಯಿಂಟಲ್ಲಿ ಕೂದಲೆಳೆ ಸಂದಿ ಇದ್ದರೂ ಫಟ್ ಅನ್ನುತ್ತೆ. ಸೈಲೆನ್ಸರ್ ತುದಿ ಕಡೆ ತೂತು ಬಿದ್ದರೆ ಬರೀ ಸೌಂಡ್ ಒಡಕಾಗುತ್ತೆ, ಅಷ್ಟೇ.

ತೊಗರಿ ಸಾಹುಕಾರ

ಇದೆಲ್ಲಾ ಎಥೆನಾಲ್ ಪೆಟ್ರೋಲ್ ಕಾರಣ ಕಣ್ರೀ. 20 ಪರ್ಸೆಂಟ್ ಬಂದಮೇಲೆ ಎಲ್ಲಾ ಹಳೇ ಗಾಡಿ ಹೀಗೇ ಕೆಮ್ಮುತ್ತಾ ಇವೆ. ಮೂರನೇ ಮಿಸ್ತ್ರಿನೇ ಸರಿ.

ಸೇಡಂ ರೋಡ್ ಸವಾರ

ಪೆಟ್ರೋಲ್ ಹೆಡ್ ಬಿಚ್ಚೋಕೆ ಮೊದಲೂ ಅದೇ ಬಂಕಿನದು, ಈಗಲೂ ಅದೇ. ಆಗ ಸದ್ದು ಇರಲಿಲ್ಲ.

ಹಳೇ ಪಾನಾ

ಸಾಹುಕಾರ್ರ ಮಾತಲ್ಲಿ ಹುರುಳಿಲ್ಲ ಅಂತಲ್ಲ. 1 ಕೆಜಿ ಪೆಟ್ರೋಲ್ ಸುಡೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥೆನಾಲ್‌ಗೆ 9 ಕೆಜಿ ಸಾಕು. ಕಾರ್ಬುರೇಟರ್ ಜೆಟ್‌ಗೆ ಇದು ಗೊತ್ತಾಗಲ್ಲ, ಮೊದಲಿನ ಅಳತೆಯಲ್ಲೇ ಬಿಡುತ್ತೆ. ಹಾಗಾಗಿ ಬೇಕಾದ್ದಕ್ಕಿಂತ ಗಾಳಿ ಹೆಚ್ಚಾಗಿ ಮಿಶ್ರಣ ಸ್ವಲ್ಪ ಲೀನ್ ಆಗುತ್ತೆ. ಅಂಚಿನಲ್ಲಿದ್ದ ಗಾಡಿಯನ್ನ ಅದು ಆಚೆ ತಳ್ಳಬಹುದು. ಆದರೆ ಇವರದು ಹೆಡ್ ಬಿಚ್ಚಿದ ಮೇಲೆ ಶುರುವಾಗಿದೆ. ಬಿಚ್ಚಿದ ಜಾಗವನ್ನೇ ಮೊದಲು ನೋಡಬೇಕು.

ಸವಾರರೇ, ಹೆಡ್ ಬಿಚ್ಚಿದಾಗ ಮೂರು ಜಾಗ ಅಲುಗಾಡಿರುತ್ತೆ. ಬೆಂಡ್ ಪೈಪ್ ಜಾಯಿಂಟ್ ಒಂದು. ಕಾರ್ಬುರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಮ್ಯಾನಿಫೋಲ್ಡ್ ಇನ್ನೊಂದು. ಹೆಡ್‌ಗೆ ಬರೋ ಸಣ್ಣಪುಟ್ಟ ರಬ್ಬರ್ ಪೈಪುಗಳು ಮೂರನೆಯದು. ಇದರಲ್ಲಿ ಬೆಂಡ್ ಪೈಪ್ ಲೀಕ್‌ಗೂ ಮ್ಯಾನಿಫೋಲ್ಡ್ ಲೀಕ್‌ಗೂ ಅಜಗಜಾಂತರ. ಎರಡಕ್ಕೂ "ಏರ್ ಲೀಕ್" ಅಂತ ಒಂದೇ ಹೆಸರು ಇಟ್ಟಿರೋದ್ರಿಂದಲೇ ಗ್ಯಾರೇಜ್‌ನಲ್ಲಿ ಗೋಜಲು.

ಮ್ಯಾನಿಫೋಲ್ಡ್ ಕಡೆ ಲೀಕ್ ಇದ್ದರೆ ಮಿಶ್ರಣ ಲೀನ್ ಆಗಿ ಹತ್ತೋದೇ ತಪ್ಪುತ್ತೆ. ಐಡ್ಲಿಂಗ್ ಏರುತ್ತೆ, ರೇಸ್ ಬಿಟ್ಟರೂ ಸುತ್ತು ನಿಧಾನವಾಗಿ ಇಳಿಯುತ್ತೆ. ಬೆಂಡ್ ಪೈಪ್ ಲೀಕ್‌ನಿಂದ ಐಡ್ಲಿಂಗ್ ಬದಲಾಗಲ್ಲ. ಗಾಡಿ ಚೆನ್ನಾಗೇ ಓಡುತ್ತೆ, ಸದ್ದು ಮಾತ್ರ ಬರುತ್ತೆ. ನಿಮಗೆ ಐಡ್ಲಿಂಗೂ ಜಾಸ್ತಿ, ಸದ್ದೂ ಜೋರು. ಅದಕ್ಕೇ ಎರಡೂ ಕಡೆ ನೋಡಿ ಅಂತೀನಿ.

ಗಂಜ್ ಹುಡುಗ

ಕಾಕಾ, ಮನೆಯಲ್ಲೇ ನೋಡೋದು ಹೇಗೆ? ಗ್ಯಾರೇಜಿಗೆ ಹೋದರೆ ಮತ್ತೆ ಸ್ಕ್ರೂ ತಿರುಗಿಸಿ ಕಳಿಸ್ತಾರೆ.

ಹಳೇ ಪಾನಾ

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮಾಡಬೇಕು. ಬಿಸಿ ಪೈಪ್ ಮುಟ್ಟಿ ಕೈ ಸುಟ್ಟುಕೊಳ್ಳಬೇಡಿ. ಮೊದಲು ಬೆಂಡ್ ಪೈಪ್ ಹೆಡ್‌ಗೆ ಸೇರೋ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಲೀಕ್ ಇದ್ದರೆ ಜಾಯಿಂಟ್ ಸುತ್ತ ಒಂದು ಕಡೆ ಮಸಿ ಹೊಡೆದಿರುತ್ತೆ. ಆಮೇಲೆ ಸ್ಟಾರ್ಟ್ ಮಾಡಿ, ಇನ್ನೊಬ್ಬರಿಗೆ ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿ ಎರಡು ಮೂರು ಸೆಕೆಂಡ್ ಮುಚ್ಚಲು ಹೇಳಿ. ಜಾಯಿಂಟ್ ಗಟ್ಟಿಯಾಗಿದ್ದರೆ ಇಂಜಿನ್ ಒದ್ದಾಡಿ ಬಂದ್ ಆಗೋಕೆ ಹೋಗುತ್ತೆ. ಲೀಕ್ ಇದ್ದರೆ ಚುಸ್ ಚುಸ್ ಅಂತ ಮುಂದಿನಿಂದ ಕೇಳುತ್ತೆ. ಬಯಲಲ್ಲಿ ಮಾಡಿ, ಮುಚ್ಚಿದ ಕೋಣೆಯಲ್ಲಿ ಬೇಡ.

ಮ್ಯಾನಿಫೋಲ್ಡಿಗೆ ಬೇರೆ ಪರೀಕ್ಷೆ. ಐಡ್ಲಿಂಗ್‌ನಲ್ಲಿ ಇಟ್ಟು, ಸ್ಪ್ರೇ ಬಾಟಲಿಯಿಂದ ರಬ್ಬರ್ ಸುತ್ತ, ಕ್ಲಾಂಪ್ ಹತ್ತಿರ ಸ್ವಲ್ಪ ನೀರು ಬಿಡಿ. ಸಂದಿ ಇದ್ದರೆ ನೀರು ಒಂದು ಕ್ಷಣ ಅದನ್ನ ಮುಚ್ಚುತ್ತೆ, ಸುತ್ತು ಏರುಪೇರಾಗುತ್ತೆ. ಕೆಲವರು ಕಾರ್ಬುರೇಟರ್ ಕ್ಲೀನರ್ ಹೊಡೀತಾರೆ. ಅದು ಬೆಂಕಿ ಹತ್ತೋ ವಸ್ತು, ಬೆಂಡ್ ಪೈಪ್ ಬಿಸಿಯಾದ ಮೇಲೆ ದಯವಿಟ್ಟು ಬೇಡ.

ಇನ್ನೊಂದು ಸುಲಭದ್ದು. ಖಾಲಿ ರೋಡಲ್ಲಿ, ಇಂಜಿನ್ ಬಿಸಿಯಾದ ಮೇಲೆ, ಚೋಕ್ ಅರ್ಧ ಎಳೆದು ಅದೇ ಸ್ಪೀಡಲ್ಲಿ ರೇಸ್ ಬಿಟ್ಟು ನೋಡಿ. ಚೋಕ್ ಪೆಟ್ರೋಲ್ ಜಾಸ್ತಿ ಕೊಡುತ್ತೆ. ಸದ್ದು ಬಹಳ ಇಳಿದರೆ ತೊಂದರೆ ಮ್ಯಾನಿಫೋಲ್ಡ್ ಅಥವಾ ಕಾರ್ಬುರೇಟರ್ ಕಡೆ. ಹಾಗೇ ಇದ್ದರೆ ಪೈಪ್ ಕಡೆ.

ಬೀದರ್ ಬೈಕರ್

ಸ್ಕ್ರೂ ಅರ್ಧ ಸುತ್ತು ಬಿಚ್ಚಿದರೆ ರಿಚ್ ಆಗುತ್ತಲ್ಲ, ಇಷ್ಟೆಲ್ಲಾ ಯಾಕೆ? ನಾನು ನನ್ನ ಗಾಡಿಗೆ ಹಾಗೇ ಮಾಡಿದ್ದೆ, ಸದ್ದು ಹೋಯ್ತು.

ಮಿಸ್ತ್ರಿ ಮಗ

ಈಗ ತಾನೇ ಪೆಟ್ರೋಲ್ ಜಾಸ್ತಿ ಅಂದ್ರಿ, ಸ್ಕ್ರೂ ಟೈಟ್ ಮಾಡಿ ಅಂದ್ರಿ. ಈಗ ಬಿಚ್ಚಿ ಅಂತೀರಿ 😀

ಯಾವ ಸ್ಕ್ರೂ ಅನ್ನೋದು ಮುಖ್ಯ. ನಮ್ಮಪ್ಪ ಗ್ಯಾರೇಜ್‌ನಲ್ಲಿ ಹುಡುಗರಿಗೆ ಮೊದಲು ಇದನ್ನೇ ಹೇಳಿಕೊಡ್ತಿದ್ದರು. ಸ್ಕ್ರೂ ಕಾರ್ಬುರೇಟರ್‌ನ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿ ಸ್ಕ್ರೂ, ಬಿಚ್ಚಿದಷ್ಟೂ ಲೀನ್. ಇಂಜಿನ್ ಕಡೆ ಇದ್ದರೆ ಅದು ಮಿಶ್ರಣದ ಸ್ಕ್ರೂ, ಬಿಚ್ಚಿದಷ್ಟೂ ರಿಚ್. ಎರಡಕ್ಕೂ ಬಾಯಲ್ಲಿ "ಏರ್ ಸ್ಕ್ರೂ" ಅಂತಾರೆ, ಅಲ್ಲೇ ಎಡವಟ್ಟು. ತಿರುಗಿಸೋ ಮೊದಲು ಪೂರ್ತಿ ಒಳಗೆ ಎಷ್ಟು ಸುತ್ತು ಹೋಗುತ್ತೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ, ಮೆಲ್ಲಗೆ ತಾಗಿದ ತಕ್ಷಣ ನಿಲ್ಲಿಸಿ. ಬಿಗಿ ಮಾಡಿದರೆ ಸೂಜಿ ಮೊನೆ ಕೂರೋ ಜಾಗ ಹಾಳಾಗುತ್ತೆ.

ಹಳೇ ಪಾನಾ

ಸರಿಯಾಗಿ ಹೇಳಿದಿರಿ. ಪ್ಲಗ್ ಬಣ್ಣದ ಮಾತಿಗೂ ಒಂದು ಸೇರಿಸ್ತೀನಿ. ಪ್ಲಗ್ ಹೇಳೋದು ನೀವು ಹೆಚ್ಚು ಹೊತ್ತು ಹೇಗೆ ಓಡಿಸಿದಿರಿ ಅನ್ನೋದನ್ನ. ರೇಸ್ ಬಿಟ್ಟ ಆ ಎರಡು ಸೆಕೆಂಡಿನ ಕಥೆ ಅದರಲ್ಲಿ ಕಾಣಲ್ಲ. ಚೆಂದದ ಕಂದು ಬಣ್ಣದ ಪ್ಲಗ್ ಇದ್ದೂ ಫಟ್ ಅನ್ನೋ ಗಾಡಿ ಬೇಕಾದಷ್ಟು ನೋಡಿದ್ದೀನಿ.

ಶಹಾಬಾದ್ ಕಲ್ಲು

ನನ್ನದು ಎಫ್‌ಐ ಗಾಡಿ, ಬಿಎಸ್6. ಹೊರಗಿನ ಸೈಲೆನ್ಸರ್ ಹಾಕಿಸಿದ ಮೇಲೆ ರೇಸ್ ಬಿಟ್ಟಾಗ ಪಟಾಕಿ. ಎಫ್‌ಐನಲ್ಲಿ ರೇಸ್ ಬಿಟ್ಟರೆ ಪೆಟ್ರೋಲೇ ಕಟ್ ಆಗುತ್ತೆ ಅಂತಾರೆ. ಮತ್ತೆ ಉರಿಯೋದು ಏನು?

ಮಿಸ್ತ್ರಿ ಮಗ

ಎಲ್ಲಾ ಹೊತ್ತಲ್ಲೂ ಕಟ್ ಆಗಲ್ಲ. ಇಂಜಿನ್ ಬಿಸಿಯಾಗಿರಬೇಕು, ಸುತ್ತು ಒಂದು ಮಟ್ಟಕ್ಕಿಂತ ಮೇಲಿರಬೇಕು, ರೇಸ್ ಪೂರ್ತಿ ಮುಚ್ಚಿರಬೇಕು. ಸುತ್ತು ಇಳಿದಾಗ ಮತ್ತೆ ಪೆಟ್ರೋಲ್ ಬಿಡುತ್ತೆ. ಆ ನಡುವೆ ಸರಿಯಾಗಿ ಹತ್ತದ ಪೆಟ್ರೋಲ್ ಪೈಪಿಗೆ ಹೋಗುತ್ತೆ. ಬಹಳ ಸಲ ಹೊರಗಿನ ಸೈಲೆನ್ಸರ್ ಜಾಯಿಂಟ್ ಅಳತೆಗೆ ಕೂರಲ್ಲ, ಮೊದಲು ಅಲ್ಲಿ ಪ್ಯಾಕಿಂಗ್ ನೋಡಿ.

ಶಹಾಬಾದ್ ಕಲ್ಲು

ಜಾಯಿಂಟ್ ಗಟ್ಟಿ ಇದೆ. ಒದ್ದೆ ಬಟ್ಟೆ ಇಟ್ಟು ನೋಡಿದೆ, ಇಂಜಿನ್ ಬಂದ್ ಆಯ್ತು. ಆದರೂ ಫಟ್ ಅನ್ನುತ್ತೆ.

ಮಿಸ್ತ್ರಿ ಮಗ

ಹಾಗಾದ್ರೆ ಸ್ಕ್ಯಾನರ್ ಹಾಕಿ ನೋಡದೆ ಹೇಳೋದು ಕಷ್ಟ.

ಬ್ರಹ್ಮಪುರ ಅಕ್ಕ

ಕಂಪನಿ ಸೈಲೆನ್ಸರ್ ವಾಪಸ್ ಹಾಕಿಸಿ ನೋಡಿ ಅಂತ ಯಾರೂ ಹೇಳಲ್ವಲ್ಲ.

ಸೇಡಂ ರೋಡ್ ಸವಾರ

ಇವತ್ತು ಬೆಳಿಗ್ಗೆ ಅಂಗಳದಲ್ಲಿ ಕೂತು ಮಾಡಿದೆ. ತಮ್ಮ ಬಟ್ಟೆ ಹಿಡಿದಿದ್ದ. ಇಂಜಿನ್ ಬಂದ್ ಆಗಲೇ ಇಲ್ಲ, ಮುಂದಿನಿಂದ ಚುಸ್ ಚುಸ್ ಅಂತ ಸ್ಪಷ್ಟವಾಗಿ ಕೇಳಿತು. ಟಾರ್ಚ್ ಬಿಟ್ಟರೆ ಎಡಗಡೆ ನಟ್ ಕೆಳಗೆ ನಾಮ ಎಳೆದ ಹಾಗೆ ಕಪ್ಪು ಮಸಿ.

10 ನಂಬರ್ ಪಾನಾ ಹಾಕಿದೆ. ಬಲಗಡೆ ನಟ್ ಕಲ್ಲಿನ ಹಾಗೆ ಬಿಗಿ, ಎಡಗಡೆದು ಕೈಯಲ್ಲೇ ತಿರುಗಿತು! ಬಿಗಿ ಮಾಡಿದರೂ ಚುಸ್ ಪೂರ್ತಿ ಹೋಗಲಿಲ್ಲ. ಇನ್ನೂ ಬಿಗಿ ಮಾಡಲಾ?

ಹಳೇ ಪಾನಾ

ನಿಲ್ಲಿಸಿ ನಿಲ್ಲಿಸಿ. ಅದು 6 ಎಂಎಂ ಸ್ಟಡ್. ಬಿಸಿಗೆ ಕಾದು ಕಾದು ಮೆತ್ತಗಾಗಿರುತ್ತೆ, ಬಲ ಹಾಕಿದರೆ ಹೆಡ್ ಒಳಗೇ ಮುರಿಯುತ್ತೆ. ಆಮೇಲೆ ಡ್ರಿಲ್ ಹೊಡೆಸೋ ಖರ್ಚು ಪ್ಯಾಕಿಂಗ್‌ನ ಎಷ್ಟೋ ಪಟ್ಟು.

ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇದ್ದರೆ ಪೈಪ್ ಓರೆಯಾಗಿ ಕೂತಿರುತ್ತೆ. ಒಳಗಿನ ಉಂಗುರದ ಪ್ಯಾಕಿಂಗ್ ಒಂದು ಬದಿ ಮಾತ್ರ ಒತ್ತಿಕೊಂಡಿರುತ್ತೆ. ಅದು ಒಂದೇ ಸಲ ಒತ್ತಿಕೊಳ್ಳೋ ಪ್ಯಾಕಿಂಗ್, ಮತ್ತೆ ಉಬ್ಬಲ್ಲ. ಪೈಪ್ ಬಿಚ್ಚಿದಾಗಲೆಲ್ಲಾ ಹೊಸದು ಹಾಕಬೇಕು. ನಿಮ್ಮ ಗಾಡಿಗೆ ಹಳೇದನ್ನೇ ಹಾಕಿದ್ದಾರೆ ಅಂತ ಕಾಣುತ್ತೆ.

ಹೊಸದು ತನ್ನಿ. ಹಳೇದು ಹೆಡ್ ತೂತಿನೊಳಗೆ ಅಂಟಿಕೊಂಡಿರುತ್ತೆ, ಮಸಿ ಹಿಡಿದು ಹೆಡ್‌ನ ಭಾಗವೇ ಅನ್ನೋ ಹಾಗೆ ಕಾಣುತ್ತೆ. ಸಣ್ಣ ಸ್ಕ್ರೂ ಡ್ರೈವರಿಂದ ಎಬ್ಬಿಸಿ ತೆಗೀರಿ. ಅದರ ಮೇಲೇ ಹೊಸದು ಹಾಕಿದರೆ ಮತ್ತೆ ಲೀಕೇ. ಸೈಲೆನ್ಸರ್ ಹಿಂದಿನ ಬೋಲ್ಟ್ ಸಡಿಲ ಬಿಡಿ, ಮೊದಲು ಮುಂದಿನ ಎರಡು ನಟ್ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಕೊನೆಗೆ ಹಿಂದಿನದು. ಒಂದು ಸಲ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ.

ತೊಗರಿ ಸಾಹುಕಾರ

ಪೇಸ್ಟ್ ಮೆತ್ತಿದವನು ಆ ನಟ್ ಮುಟ್ಟಿ ನೋಡಿದ್ದರೆ ಸಾಕಿತ್ತು.

ಗಂಜ್ ಹುಡುಗ

ಸೂಪರ್ ಮಾರ್ಕೆಟ್ ಹತ್ತಿರ ಸ್ಪೇರ್ ಅಂಗಡಿಗಳಲ್ಲಿ ಸಿಗುತ್ತೆ ಅಣ್ಣಾ, ಹಳೇ ಉಂಗುರ ತೋರಿಸಿ ಅಳತೆ ನೋಡಿಕೊಳ್ಳಿ. ಬರ್ತಾ ತಹರಿ ತಿನ್ನೋದು ಮರೀಬೇಡಿ.

ಬೀದರ್ ಬೈಕರ್

ತಹರಿ ಅಂದ್ರೆ ಬೀದರ್‌ಗೆ ಬನ್ನಿ.

ಗಂಜ್ ಹುಡುಗ

ಶುರು ಮಾಡಿದ್ರು ನೋಡಿ.

ಸೇಡಂ ರೋಡ್ ಸವಾರ

ಪ್ಯಾಕಿಂಗ್ ಹಾಕಿದೆ. ಕಾಕಾ ಹೇಳಿದ ಹಾಗೇ ಹಳೇದು ಒಳಗೆ ಅಂಟಿಕೊಂಡಿತ್ತು, ಒಂದು ಬದಿ ಕಾಗದದಷ್ಟು ತೆಳ್ಳಗಾಗಿತ್ತು. ಈಗ ಬಟ್ಟೆ ಇಟ್ಟರೆ ಇಂಜಿನ್ ಬಂದ್ ಆಗುತ್ತೆ. ಜೋರು ಫಟ್ ಹೋಯ್ತು. ಆದರೆ ಸಣ್ಣದಾಗಿ ಪಟ್ ಪಟ್ ಇನ್ನೂ ಇದೆ, ಐಡ್ಲಿಂಗೂ ಹಾಗೇ ಜಾಸ್ತಿ. ನೀರು ಹೊಡೆದು ನೋಡಿದೆ, ಮ್ಯಾನಿಫೋಲ್ಡ್ ರಬ್ಬರಲ್ಲಿ ಏನೂ ಬದಲಾವಣೆ ಇಲ್ಲ. ಚೋಕ್ ಅರ್ಧ ಎಳೆದರೆ ಪಟ್ ಪಟ್ ಕಡಿಮೆಯಾಗುತ್ತೆ. ಟ್ಯಾಪೆಟ್ ಕೂಡ ಚೆಕ್ ಮಾಡಿಸಿದೆ, ಸರಿ ಇದೆ ಅಂದರು.

ಹಳೇ ಪಾನಾ

ಹೆಡ್ ಪಕ್ಕ ಒಂದು ಸಣ್ಣ ಡಬ್ಬಿ ಇರುತ್ತೆ ನೋಡಿ. ಅದಕ್ಕೆ ಏರ್ ಫಿಲ್ಟರ್‌ನಿಂದ ಒಂದು ದಪ್ಪ ರಬ್ಬರ್ ಪೈಪ್, ಮ್ಯಾನಿಫೋಲ್ಡಿಂದ ಒಂದು ತೆಳ್ಳನೆ ಪೈಪ್ ಬಂದಿರುತ್ತೆ. ಇದೆಯಾ?

ಸೇಡಂ ರೋಡ್ ಸವಾರ

ಇದೆ. ಅದು ಏನಕ್ಕೆ?

ಹಳೇ ಪಾನಾ

ಕಂಪನಿಯವರೇ ಬೇಕಂತ ಬೆಂಡ್ ಪೈಪಿಗೆ ಗಾಳಿ ಬಿಡೋ ವ್ಯವಸ್ಥೆ ಅದು. ಹೊಗೆಯಲ್ಲಿ ಉಳಿದ ಅರೆಬೆಂದ ಪೆಟ್ರೋಲು, ಕಾರ್ಬನ್ ಮಾನಾಕ್ಸೈಡು ಪೈಪಲ್ಲೇ ಸುಡಲಿ ಅಂತ. ಅಂದರೆ ನಿಮ್ಮ ಗಾಡಿಯಲ್ಲಿ ಪೈಪಿಗೆ ಗಾಳಿ ಹೋಗೋ ದಾರಿ ಹುಟ್ಟಿದಾಗಿಂದಲೂ ಇದೆ.

ಹಾಗಾದ್ರೆ ರೇಸ್ ಬಿಟ್ಟಾಗಲೆಲ್ಲಾ ಫಟ್ ಅನ್ನಬೇಕಲ್ಲ? ಅದಕ್ಕೇ ಆ ತೆಳ್ಳನೆ ಪೈಪ್. ರೇಸ್ ಬಿಟ್ಟಾಗ ಮ್ಯಾನಿಫೋಲ್ಡಲ್ಲಿ ಎಳೆತ ಜೋರಾಗುತ್ತೆ. ಆ ಎಳೆತ ಡಬ್ಬಿಯೊಳಗಿನ ಪೊರೆಯನ್ನ ಎಳೆದು ಗಾಳಿ ಬಂದ್ ಮಾಡುತ್ತೆ. ತೆಳ್ಳನೆ ಪೈಪ್ ಸೀಳಿದ್ದರೆ ಎಳೆತ ಡಬ್ಬಿಗೆ ತಲುಪಲ್ಲ, ಬಂದ್ ಆಗಬೇಕಾದಾಗ ಗಾಳಿ ಬಂದ್ ಆಗಲ್ಲ. ಅದರ ಮೇಲೆ ಸೀಳಿದ ಜಾಗದಿಂದ ಮ್ಯಾನಿಫೋಲ್ಡಿಗೂ ಕಳ್ಳ ಗಾಳಿ. ಐಡ್ಲಿಂಗ್ ಏರೋದು, ಚೋಕ್ ಎಳೆದರೆ ಕಡಿಮೆಯಾಗೋದು, ಎರಡೂ ಇದಕ್ಕೆ ಹೊಂದುತ್ತೆ.

ದಪ್ಪ ಪೈಪನ್ನ ಬಟ್ಟೆ ಸುತ್ತಿ ಪಕ್ಕಡ್‌ನಿಂದ ಒತ್ತಿ ಹಿಡಿಯೋ ಹಾಗೆ ಕಟ್ಟಿ ಒಂದು ಸುತ್ತು ಹೋಗಿ ಬನ್ನಿ. ಪಟ್ ಪಟ್ ನಿಂತರೆ ಗಾಳಿ ಬರ್ತಿದ್ದದ್ದು ಅಲ್ಲಿಂದಲೇ.

ಬೀದರ್ ಬೈಕರ್

ಸುಮ್ನೆ ಆ ಪೈಪಿಗೆ ಒಂದು ಬೇರಿಂಗ್ ಗುಂಡು ತುರುಕಿ ಬಂದ್ ಮಾಡಿಬಿಡಿ. ಎಷ್ಟೋ ಜನ ಮಾಡ್ತಾರೆ. ಗಾಡಿಗೆ ಏನೂ ಆಗಲ್ಲ.

ಮಿಸ್ತ್ರಿ ಮಗ

ಗಾಡಿಗೆ ಏನೂ ಆಗಲ್ಲ, ಹೊಗೆಗೆ ಆಗುತ್ತೆ. ಹೊಗೆ ಸರ್ಟಿಫಿಕೇಟ್ ಮಾಡಿಸುವಾಗ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬರಬಹುದು. ಅದಕ್ಕಿಂತ ಹೆಚ್ಚಾಗಿ ತೆಳ್ಳನೆ ಪೈಪ್ ಸೀಳಿದ್ದರೆ ಅದು ಹಾಗೇ ಉಳಿಯುತ್ತೆ. ಸದ್ದು ಹೋಯ್ತು ಅಂತ ಖುಷಿಯಾಗಿ ಇಂಜಿನ್ ಲೀನ್ ಓಡಿಸ್ತೀರಿ.

ಬೀದರ್ ಬೈಕರ್

ನನ್ನ ಗಾಡಿ ನಾಲ್ಕು ವರ್ಷದಿಂದ ಹಾಗೇ ಓಡ್ತಿದೆ. ಪೇಪರ್ ಮಾತು ಬೇರೆ, ರೋಡ್ ಮಾತು ಬೇರೆ.

ಸೇಡಂ ರೋಡ್ ಸವಾರ

ಸಿಕ್ತು! ದಪ್ಪ ಪೈಪ್ ಒತ್ತಿ ಕಟ್ಟಿದರೆ ಪಟ್ ಪಟ್ ಪೂರ್ತಿ ಬಂದ್. ಆಮೇಲೆ ಟ್ಯಾಂಕ್ ಎತ್ತಿ ತೆಳ್ಳನೆ ಪೈಪ್ ನೋಡಿದೆ. ಮೇಲಿಂದ ಚೆನ್ನಾಗೇ ಕಾಣುತ್ತೆ. ಮ್ಯಾನಿಫೋಲ್ಡ್ ಮೂತಿಗೆ ಸಿಕ್ಕಿಸೋ ತುದಿಯನ್ನ ಬಗ್ಗಿಸಿದಾಗ ಕೆಳಗಡೆ ಉದ್ದಕ್ಕೆ ಬಾಯಿ ಬಿಟ್ಟಿತು. ರಬ್ಬರ್ ಒಣಗಿ ಗಟ್ಟಿಯಾಗಿದೆ. ಹೆಡ್ ಕೆಲಸದಲ್ಲಿ ಎಳೆದು ಬಿಚ್ಚಿದಾಗ ಸೀಳಿರಬೇಕು.

ಪೈಪಲ್ಲಿ ಉದ್ದ ಸ್ವಲ್ಪ ಹೆಚ್ಚಿತ್ತು, ಬೆರಳಗಲ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದೆ. ಸ್ಟಾರ್ಟ್ ಮಾಡಿದ ತಕ್ಷಣ ಐಡ್ಲಿಂಗ್ ಬಿದ್ದು ಗಾಡಿ ಬಂದ್ ಆಯ್ತು. ಗಾಬರಿಯಾಯ್ತು. ಆಮೇಲೆ ಐಡ್ಲಿಂಗ್ ಸ್ಕ್ರೂ ಸ್ವಲ್ಪ ಏರಿಸಿದೆ, ಈಗ ನೆಟ್ಟಗೆ ನಿಂತಿದೆ. ಬಹುಶಃ ಎರಡನೇ ಮಿಸ್ತ್ರಿ ಕಳ್ಳ ಗಾಳಿಗೆ ತಕ್ಕ ಹಾಗೆ ಸ್ಕ್ರೂ ಇಳಿಸಿದ್ದ. ಮೇಲ್ಸೇತುವೆ ಇಳಿದು ನೋಡಿದೆ, ಫಟ್ ಇಲ್ಲ. ಮೂರನೇ ಗೇರಲ್ಲಿ ಜೋರಾಗಿ ಇಳಿದರೆ ಮಾತ್ರ ಒಳಗೊಳಗೇ ಗೊರಗೊರ ಅನ್ನುತ್ತೆ. ಇದಕ್ಕೂ ಏನಾದ್ರೂ ಮಾಡಬೇಕಾ ಕಾಕಾ?

ಹಳೇ ಪಾನಾ

ಬಿಡಿ ಅದನ್ನ. ಅಷ್ಟು ಕಾರ್ಬುರೇಟರ್ ಗಾಡಿಯಲ್ಲಿ ಸಹಜ. ಅದನ್ನೂ ತೆಗೀತೀನಿ ಅಂತ ಸ್ಕ್ರೂ ರಿಚ್ ಮಾಡ್ತಾ ಹೋದರೆ ಅವರೇಜ್ ಬೀಳುತ್ತೆ, ಪ್ಲಗ್ ಕಪ್ಪಾಗುತ್ತೆ. ಗೊರಗೊರ ಮುಂದೆ ಏರುತ್ತಾ ಹೋದರೆ ಕಾರ್ಬುರೇಟರ್‌ನ ಏರ್ ಕಟ್ ವಾಲ್ವ್ ಪೊರೆ ನೋಡಿಸಿ. ರೇಸ್ ಬಿಟ್ಟಾಗ ಸ್ವಲ್ಪ ಪೆಟ್ರೋಲ್ ಹೆಚ್ಚು ಸಿಗೋ ಹಾಗೆ ಮಾಡೋದು ಅದು, ಹರಿದರೆ ಇದೇ ಥರ ಸದ್ದು. ಆ ರಬ್ಬರ್ ಪೈಪ್ ಮಾತ್ರ ಪೂರ್ತಿ ಹೊಸದು ಹಾಕಿಸಿ. ಒಂದು ತುದಿ ಒಣಗಿದೆ ಅಂದ್ರೆ ಇನ್ನೊಂದು ತುದಿಯೂ ಒಣಗಿರುತ್ತೆ.

ತೊಗರಿ ಸಾಹುಕಾರ

ರಬ್ಬರ್ ಒಣಗಿದ್ದು ಎಥೆನಾಲ್‌ಗೇ. ನಾನು ಮೊದಲೇ ಹೇಳಿದ್ದೆ.

ಮಿಸ್ತ್ರಿ ಮಗ

ಆ ಪೈಪಲ್ಲಿ ಪೆಟ್ರೋಲ್ ಹರಿಯೋದೇ ಇಲ್ಲ ಸಾಹುಕಾರ್ರೇ. ನಮ್ಮ ಬಿಸಿಲು ಸಾಲದಾ? ಮೇ ತಿಂಗಳು 42 ಡಿಗ್ರಿ, ಅದರ ಮೇಲೆ ಇಂಜಿನ್ ಬಿಸಿ, 2012ರ ರಬ್ಬರ್.

ತೊಗರಿ ಸಾಹುಕಾರ

ಹರಿಯಲ್ಲ, ಆದರೆ ಮ್ಯಾನಿಫೋಲ್ಡ್ ಆವಿ ತಾಗಲ್ವಾ? ಒಪ್ಪಲ್ಲ ನಾನು.

ಯಾದಗಿರಿ 33

ಹಳೇ ಪಾನಾ ಸರ್, ಚೋಕ್ ಎಳೆದು ಒಂದು ನಿಮಿಷ ಬಿಟ್ಟು ನೋಡಿದೆ. ಫುಸ್ ನಿಂತಿತು. ಆದರೆ ಈಗ ಚೋಕ್ ವಾಪಸ್ ಹೋಗ್ತಿಲ್ಲ, ವೈರ್ ಸಿಕ್ಕಿಕೊಂಡಿದೆ. ಏನ್ ಮಾಡೋದು?

ಹಳೇ ಪಾನಾ

ಬೇರೆ ಥ್ರೆಡ್ ಹಾಕಿ ಅಂದಿದ್ದೆ ಮಾರಾಯ್ರೇ. ಸರಿ, ಹಾಳಾಗಲಿ, ವೈರ್ ಕಾರ್ಬುರೇಟರ್ ತುದಿಯಲ್ಲಿ ಸಿಕ್ಕಿದೆಯಾ, ಹ್ಯಾಂಡಲ್ ತುದಿಯಲ್ಲಾ? ಎರಡೂ ಕಡೆ ಎರಡು ಹನಿ ಎಣ್ಣೆ ಬಿಟ್ಟು ನೋಡಿ ಹೇಳಿ.